ಉತ್ತರ ಬಾರದಿದ್ದರೆ ಅಚ್ಚಿಗೆ

ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡ್ ಹಿಂದೆ ಪ್ರೆಸ್ಸು ನಡೆಸುವ ನಯಾಜ್ ಸಿಟ್ಟು ಬಂದಾಗ ಕಾಗದದ ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡುತ್ತಾನೆ. ಆ ವಾರವಿಡೀ ಕುಟ್ಟಿದ. ಶೀಳನೆರೆಯ ಜಯರಾಮಯ್ಯ ಮಗಳ ಮದುವೆ ಕಾರ್ಡಿನ ಕರಡನ್ನು ಮೊಬೈಲಿನಲ್ಲಿ ನೋಡಿಯೂ ಹತ್ತು ದಿನ ಏನೂ ಹೇಳಿರಲಿಲ್ಲ. ಕೊನೆಗೆ ನಯಾಜ್ ಬರೆದ: ‘ಬುಧವಾರ ಸಂಜೆ ಐದರೊಳಗೆ ಉತ್ತರ ಬಾರದಿದ್ದರೆ ಒಪ್ಪಿಗೆಯೆಂದು ತಿಳಿದು ಅಚ್ಚು ಹಾಕುತ್ತೇನೆ.’ ಉತ್ತರ ಬರಲಿಲ್ಲ. ಎಂಟುನೂರು ಕಾರ್ಡು ಅಚ್ಚಾದವು.

ಶುಕ್ರವಾರ ಜಯರಾಮಯ್ಯ ಬಂದು ಕಾರ್ಡು ನೋಡಿ ಕೆಂಡವಾದರು.

“ನಮ್ಮಣ್ಣನ ಹೆಸರೆಲ್ಲಲಾ? ಆರು ವರ್ಷದಿಂದ ಮಾತಿರ್ನಿಲ್ಲ. ಕಾಲಿಡ್ಕಂಡು ನೆನ್ನೆ ಒಪ್ಸಿವ್ನಿ. ಕರೆಯೋರ ಸಾಲ್ನಲ್ಲಿ ಅವನೇ ಮೊದ್ಲಿರ್ಬೇಕು.”

“ಮೆಸೇಜ್ ನೋಡಿದ್ರಲ್ಲ ಯಜಮಾನ್ರೇ. ತಡಿ ಅಂತ ಒಂದ್ಮಾತು ಹಾಕಕ್ಕೆ ಏನಾಗಿತ್ತು?”

“ನೋಡ್ದೆ. ಹೂಂ ಅಂದಿದ್ನಾ? ಅಣ್ಣ ಒಪ್ಪೋಗಂಟ ನಾನೇನ್ಲಾ ಹೇಳ್ಲಿ? ನಿಮ್ಮನೆ ಮದ್ವೆ ಆಗಿದ್ರೆ ಇಂಗೆ ಮಾಡ್ತಿದ್ಯಾ?”

ನಯಾಜ್ ತಿರುಗಿ ಜಾಡಿಸಲು ಬಾಯಿ ತೆರೆದ. ಎದುರು ಗೋಡೆಯಲ್ಲಿ ಅವನ ಅಪ್ಪ ಅಬ್ದುಲ್ ವಾಹಿದ್ ಬರೆಸಿದ್ದ ಹಲಗೆ ಇತ್ತು: ‘ಸಹಿ ಇಲ್ಲದ ಕರಡು ಅಚ್ಚಿಗಿಲ್ಲ.’ ಗಡುವು ಹಾಕಿದ್ದು ತಾನು, ಒಪ್ಪಿದ್ದೂ ತಾನೇ. ಜಯರಾಮಯ್ಯ ಒಪ್ಪಿರಲೇ ಇಲ್ಲ. ಅದು ಹೊಳೆದ ಮೇಲೆ ಸಿಟ್ಟು ಇಳಿಯಲಿಲ್ಲ, ದಿಕ್ಕು ಬದಲಿಸಿತು ಅಷ್ಟೆ. ಎಂಟುನೂರು ಕಾರ್ಡನ್ನೂ ತಾನೇ ರದ್ದಿ ಚೀಲಕ್ಕೆ ತುಂಬಿದ.

ಅಣ್ಣನ ಹೆಸರು ಸೇರಿಸಿ ಹೊಸ ಕರಡು ತೆಗೆದು ಮುಂದೆ ತಳ್ಳಿದ.

“ಕಾಗದ ನನ್ದೇ ಹೋಗ್ಲಿ. ಇಲ್ಲಿ ನಿಮ್ಮ ಸಹಿ, ಪಕ್ಕದಲ್ಲಿ ನಿಮ್ಮಣ್ಣಂದು. ಸೋಮವಾರದೊಳಗೆ ಎರಡೂ ಬರದೇ ಹೋದ್ರೆ ಕೆಲ್ಸ ನಿಲ್ತದೆ. ತಡ ಆದ್ರೆ ಬಾಯಲ್ಲೇ ಕರ್ಕಳಿ.”

ಜಯರಾಮಯ್ಯ ಗೊಣಗುತ್ತಲೇ ಪೆನ್ನು ಕೇಳಿದರು.