ದೇವಕಿ ಸಿಸ್ಟರ್ ಹೆಂಗಸರನ್ನು ಕೇಳದ ಪ್ರಶ್ನೆ

ದೇವಕಿ ಸಿಸ್ಟರ್ ಬಾಯಿಗೆ ಬೀಗವಿಲ್ಲ ಎಂಬುದು ಪೂರ್ವ ದಿಲ್ಲಿಯ ಆ ಆಸ್ಪತ್ರೆಯ ಮೂಳೆ ವಾರ್ಡಿಗೆಲ್ಲ ಗೊತ್ತಿತ್ತು. ಹಾಸನ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಆಕೆಯ ಹಿಂದಿಗೆ ಕನ್ನಡದ ಒಗ್ಗರಣೆ ಬೀಳುತ್ತಲೇ ಇತ್ತು. ಕೈಕಾಲು ಮುರಿದುಕೊಂಡು ಬಂದ ಗಂಡಸರನ್ನು ಆಕೆ "ಕುಡೀತೀರಾ?" ಎಂದು ಕೇಳುತ್ತಿರಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಗಂಗಾಜಲ ಬಿಟ್ಟು ಬೇರೇನೂ ಮುಟ್ಟದವರೇ. "ನೀರು ಬೆರೆಸ್ತೀರೋ, ಸೋಡಾನೋ?" ಎಂದರೆ ನಕ್ಕು ನಿಜ ಹೇಳಿಬಿಡುತ್ತಿದ್ದರು. ದಿನವೂ ಕುಡಿಯುವವರು ಹಾಸಿಗೆ ಹಿಡಿದು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಮೈ ನಡುಗಿ ಇಲ್ಲದ್ದೆಲ್ಲ ಕಾಣಬಹುದು, ಫಿಟ್ಸ್ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಮೊದಲೇ ತಿಳಿದಿದ್ದರೆ ತಡೆಯಬಹುದು.

ಹೆಂಗಸರನ್ನು ಮಾತ್ರ ಆಕೆ ಆ ಪ್ರಶ್ನೆ ಕೇಳುತ್ತಿರಲಿಲ್ಲ. ಕೇಳಬೇಕೆಂದು ತೋಚಿಯೇ ಇರಲಿಲ್ಲ.

೨೦೦೬ರ ಜನವರಿಯಲ್ಲಿ ಬೊಳ್ಳಮ್ಮ ಬಂದರು. ಕೊಡಗಿನವರು, ಕರ್ನಲ್ ಒಬ್ಬರ ವಿಧವೆ, ಮಯೂರ್ ವಿಹಾರದ ಫ್ಲಾಟಿನ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಮಾರನೆಯ ದಿನ ಆಪರೇಷನ್ ಆಯಿತು. ಆಸ್ಪತ್ರೆಯ ಸಾರು ಕುಡಿದು, "ಇದನ್ನ ಶತ್ರು ಸೈನ್ಯಕ್ಕೆ ಕೊಟ್ಟಿದ್ರೆ ಯುದ್ಧಾನೇ ಬೇಕಿರ್ಲಿಲ್ಲ" ಎಂದು ವಾರ್ಡನ್ನೆಲ್ಲ ನಗಿಸಿದರು. ಕನ್ನಡ ಸಿಕ್ಕಿದ ಖುಷಿಗೆ ದೇವಕಿ ಅವರ ಮಂಚ ಬಿಟ್ಟು ಕದಲುತ್ತಿರಲಿಲ್ಲ.

ಅದರ ಮರುದಿನ ಮಧ್ಯಾಹ್ನ ಬೊಳ್ಳಮ್ಮನವರ ಕೈಯಲ್ಲಿ ಚಹಾ ಲೋಟ ನಿಲ್ಲಲಿಲ್ಲ. ಉಳಿದವರೆಲ್ಲ ಶಾಲು ಹೊದ್ದಿದ್ದರೆ ಅವರ ಹಣೆಯಲ್ಲಿ ಬೆವರು. ನಾಡಿ ನೂರಿಪ್ಪತ್ತು ದಾಟಿತ್ತು, ರಕ್ತದೊತ್ತಡ ಏರಿತ್ತು. ಹಾಸಿಗೆಯ ಮೇಲಿಲ್ಲದ ಇರುವೆಗಳನ್ನು ಕೊಡವಿ ಕೊಡವಿ ಕೆಳಗೆ ತಳ್ಳುತ್ತಿದ್ದರು. ಡಾಕ್ಟರ್ ಚಂದ್ರಮೋಹನ ಬಂದು ಸೋಂಕು, ಸಕ್ಕರೆ, ಆಮ್ಲಜನಕ ಎಲ್ಲ ನೋಡಿದರು. ಯಾವುದರಲ್ಲೂ ತಪ್ಪು ಸಿಗಲಿಲ್ಲ. ಇದೇ ಲಕ್ಷಣ ಗಂಡಸಿನಲ್ಲಿ ಕಂಡಿದ್ದರೆ ತಾನು ಬಾಗಿಲಲ್ಲೇ ಗುರುತಿಸುತ್ತಿದ್ದೆ ಎಂದು ಹೊಳೆದಾಗ ದೇವಕಿಗೆ ತನ್ನ ಮೇಲೇ ಸಿಟ್ಟು ಬಂತು.

ಮಗ ಪೊನ್ನಣ್ಣನನ್ನು ಕೇಳಿದರೆ, "ಅವ್ವ ಕುಡಿಯೋದಾ? ಛೇ" ಎಂದ. ದೇವಕಿ ಅವನನ್ನು ಚಹಾ ತರಲು ಅಟ್ಟಿ, ಹಾಸಿಗೆಯ ಮೇಲೆ ಬಾಗಿದಳು.

"ಅಮ್ಮಾ, ಈ ದಿಲ್ಲಿ ಚಳಿಗೆ ಏನ್ ತಗೋತೀರಿ?"

"ಬ್ರಾಂಡಿ. ಬಿಸಿನೀರಲ್ಲಿ. ಅದು ಮದ್ದು ಅಲ್ವಾ?"

"ಬೇಸಿಗೇಲಿ?"

"ಬೇಸಿಗೇಲಿ ಐಸ್ ಹಾಕಿ."

ಆ ಗಾಬರಿಯಲ್ಲೂ ದೇವಕಿಗೆ ನಗು ಬಂತು. ಬೊಳ್ಳಮ್ಮ ಅವಳ ಮಣಿಕಟ್ಟು ಹಿಡಿದರು. "ಮಗನಿಗೆ ಹೇಳ್ಬೇಡ ಮಗಳೇ. ನಾನು ಅವನ ಕಣ್ಣಲ್ಲಿ ಇಳಿದುಹೋಗ್ತೀನಿ."

"ಡಾಕ್ಟರಿಗೆ ಹೇಳ್ಲೇಬೇಕು. ಮಗನಿಗೆ ಹುಷಾರಾದ್ಮೇಲೆ ನೀವೇ ಹೇಳಿ."

ಚಂದ್ರಮೋಹನ ತಡಮಾಡಲಿಲ್ಲ. ಗ್ಲೂಕೋಸಿಗೆ ಮೊದಲು ವಿಟಮಿನ್ ಬಿ-ಒನ್ ಇಂಜೆಕ್ಷನ್, ಆಮೇಲೆ ನಡುಕ, ಬೆವರು, ಚಡಪಡಿಕೆಗೆ ಅಂಕ ಹಾಕಿ ಅದರ ಪ್ರಕಾರ ನರಗಳನ್ನು ಶಾಂತಗೊಳಿಸುವ ಲೊರಾಜೆಪಾಮ್, ವಯಸ್ಸಾದವರಾದ್ದರಿಂದ ಸಣ್ಣ ಡೋಸು. ದೇವಕಿ ಅವರ ಮಂಚವನ್ನು ನರ್ಸುಗಳ ಮೇಜಿನ ಎದುರಿಗೇ ಎಳೆಸಿದಳು, ಟಿವಿ ಆರಿಸಿದಳು, ಮಂಚದ ಅಕ್ಕಪಕ್ಕದ ಕಂಬಿ ಏರಿಸಿದಳು. ಕೈ ಕಟ್ಟೋಣವೇ ಎಂದ ಆಯಾಳನ್ನು ಗದರಿದಳು, ಕಟ್ಟಿದರೆ ಹೆದರಿಕೆ ಹೆಚ್ಚುತ್ತದೆ ಅಷ್ಟೇ. ಮತ್ತೆ ಮತ್ತೆ ನಾಡಿ, ಒತ್ತಡ, ಉಸಿರು ನೋಡಿದಳು. ಔಷಧ ಹೆಚ್ಚಾಗಿ ಎಬ್ಬಿಸಿದರೂ ಏಳದಂಥ ಮಂಪರು ಬಂದರೆ ಅದೂ ಅಪಾಯವೇ.

"ಇರುವೆ ನೋಡು" ಎಂದರೆ ಅವಳು ವಾದಿಸಲಿಲ್ಲ. "ನಿಮಗೆ ಕಾಣ್ತಿವೆ, ನನಗೆ ಕಾಣ್ತಿಲ್ಲ. ನೀವು ಆಸ್ಪತ್ರೇಲಿದೀರಿ, ನಾನು ದೇವಕಿ, ಜೊತೆಗೇ ಇದೀನಿ" ಎನ್ನುತ್ತಿದ್ದಳು. ಯಾರೋ ನೆಂಟರು, ಒಂದು ಗುಟುಕು ಬ್ರಾಂಡಿಯನ್ನೇ ಕೊಟ್ಟರಾಗದೇ ಎಂದರು. "ಚಲೋ, ಬಾರ್ ಪಕ್ಕದ ಬೀದೀಲಿದೆ, ಇದು ವಾರ್ಡು" ಎಂದು ಕಳಿಸಿದಳು.

ಫಿಟ್ಸ್ ಬರಲಿಲ್ಲ. ಮೂರು ದಿನದಲ್ಲಿ ಇರುವೆಗಳು ಹೋದವು, ಕೈನಡುಕ ನಿಂತಿತು, ಸಾರಿನ ಮೇಲಿನ ಬೈಗುಳ ಮರಳಿ ಬಂತು. ದೇವಕಿಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಮನೆಗೆ ಹೋದ ಮೇಲೆ ಯಾರೋ ಜೊತೆಗಿದ್ದು ನೋಡಿಕೊಳ್ಳದಿದ್ದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬಿಸಿಲು ಬಿದ್ದ ಕಿಟಕಿಯ ಬಳಿ ಬೊಳ್ಳಮ್ಮನವರನ್ನು ಕೂರಿಸಿ, ಪೊನ್ನಣ್ಣನನ್ನು ಎದುರಿಗೆ ಕೂರಿಸಿ, ದಿಂಬಿನ ಚೀಲ ಬದಲಿಸುವ ನೆಪದಲ್ಲಿ ಅಲ್ಲೇ ನಿಂತಳು.

ಬೊಳ್ಳಮ್ಮ ಮಡಿಲು ನೋಡುತ್ತಾ ಎಲ್ಲ ಹೇಳಿದರು.

"ತಿಂಗಳು ತಿಂಗಳು ಮಿಲಿಟರಿ ಕ್ಯಾಂಟೀನಿಂದ ಬಾಟಲಿ ನಾನೇ ತಂದ್ಕೊಡ್ತಿದ್ದೆ. ಮನೆಗೆ ಬಂದವರಿಗೆ ಅಂತಿದ್ರಿ" ಎಂದ ಪೊನ್ನಣ್ಣ. "ಯಾರು ಬರ್ತಿದ್ರು ಅವ್ವಾ?"

"ಅಪ್ಪ ಹೋದ್ಮೇಲೆ ಯಾರೂ ಬರ್ಲಿಲ್ಲ ಮಗಾ."

ಗುಡಗಾಂವಿನ ಆಫೀಸಿನಿಂದ ದಿನವೂ ತಡವಾಗಿ ಮನೆ ಸೇರುತ್ತಿದ್ದ ಮಗ ತಾಯಿಯ ಕೈ ಹಿಡಿದುಕೊಂಡ. "ಇನ್ಮೇಲೆ ಸಂಜೆ ನಾನು ಬರ್ತೀನಿ."

"ಬಾ," ಎಂದರು ಬೊಳ್ಳಮ್ಮ. "ಬರಿಗೈಲಿ ಬಾ."