ನಾನು ಗೆದ್ದ ಫುಲ್‌ಸ್ಕ್ರೀನ್ ವಾದ

ಶಿರಾದ ಗೇಮಿಂಗ್ ಸೆಂಟರ್‌ನಲ್ಲಿ ಇವತ್ತಿಗೂ ಹೇಳುವುದು ಒಂದೇ: ಆವತ್ತು ನಮ್ಮ ಕ್ಯಾಪ್ಟನ್ ಕೈ ನಡುಗಿತು, ಅದಕ್ಕೇ ಸೋತರು. ಆ ಕೈಯನ್ನು ನೋಡಿದವರು ಯಾರು? ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ನಾನು. ಕೈ ನಡುಗಿರಲಿಲ್ಲ.

ಕ್ಯಾಪ್ಟನ್ ನನ್ನ ಗೆಳೆಯ, ಚಪ್ಪಲಿ ಅಂಗಡಿಯವರ ಮಗ. ಈ ಆನ್‌ಲೈನ್ ಪಂದ್ಯ ಗೆದ್ದು ಟೂರ್ನಿಯ ಮುಂದಿನ ಹಂತಕ್ಕೆ ಹೋದರೆ ಆಡಿಕೋ, ಇಲ್ಲದಿದ್ದರೆ ಅಂಗಡಿಗೆ ಬಾ ಎಂದು ಅವನ ಅಬ್ಬಾ ಹೇಳಿಬಿಟ್ಟಿದ್ದರು.

ಅವನ ಮುಂದೆ ಎರಡು ಮಾನಿಟರ್. ಒಂದರಲ್ಲಿ ಆಟ, ಇನ್ನೊಂದರಲ್ಲಿ ಆಯೋಜಕರ ಚಾಟ್. ಅವನದು ಯಾವಾಗಲೂ ಬಾರ್ಡರ್‌ಲೆಸ್ ಮೋಡ್: ಆಟ ಪರದೆ ತುಂಬಿರುತ್ತದೆ, ಆಲ್ಟ್-ಟ್ಯಾಬ್ ಒತ್ತಿದರೆ ತಕ್ಷಣ ಚಾಟ್‌ಗೆ ಹೋಗಬಹುದು, ಆಟ ತನ್ನ ಜಾಗದಲ್ಲೇ ಇರುತ್ತದೆ. ನಾನು ಬಿಡಲಿಲ್ಲ. ಬಾರ್ಡರ್‌ಲೆಸ್‌ನಲ್ಲಿ ಚಿತ್ರ ವಿಂಡೋಸ್‌ನ ಕೈ ದಾಟಿ ಬರುತ್ತದೆ, ಒಂದು ಫ್ರೇಮ್, ಅಂದರೆ ಒಂದು ಚಿತ್ರದಷ್ಟು, ತಡ; ಎಕ್ಸ್‌ಕ್ಲೂಸಿವ್ ಫುಲ್‌ಸ್ಕ್ರೀನ್‌ನಲ್ಲಿ ಪರದೆ ಪೂರ್ತಿ ಆಟದ್ದೇ ಎಂದೆ.

"ಲೇ, ನಂಗೇನೂ ತಡ ಅನ್ನಿಸ್ತಿಲ್ಲ ಕಣ್ಲಾ."

"ಅನ್ನಿಸೋದು ಪುರಾವೆ ಅಲ್ಲ."

"ನಿನ್ ಹತ್ರ ಐತಾ ಪುರಾವೆ? ಅಳ್ದು ನೋಡಿದ್ದೀಯಾ?"

ಅಳೆದಿರಲಿಲ್ಲ. ಆದರೂ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಕಲಿತಂತೆ ಪ್ರಶ್ನೆಯನ್ನು ಅವನ ಮೇಲೆಯೇ ತಿರುಗಿಸಿದೆ: "ಸೋತ್ರೆ ಈ ಒಂದು ಫ್ರೇಮ್ ನಿನ್ನ ನಿದ್ದೆ ಮಾಡೋಕೆ ಬುಡುತ್ತಾ?" ಅವನು ಮೌಸ್ ಎಳೆದುಕೊಂಡ. ಸೆಟ್ಟಿಂಗ್ ಬದಲಾಯಿಸಿದ.

ಆ ಪಂದ್ಯದ ಕೊನೆಯ ಸುತ್ತಿನಲ್ಲಿ ಎದುರಾಳಿಯ ನೆಟ್ ಹೋಗಿ ಆಟ ನಿಂತಿತು. ಮುಂದುವರಿಸಲು ಕ್ಯಾಪ್ಟನ್ ಚಾಟ್‌ನಲ್ಲಿ ಒಪ್ಪಬೇಕು. ಅವನು ಹಳೆಯ ಅಭ್ಯಾಸದಂತೆ ಆಲ್ಟ್-ಟ್ಯಾಬ್ ಒತ್ತಿದ. ಫುಲ್‌ಸ್ಕ್ರೀನ್‌ನಲ್ಲಿದ್ದ ಆಟ ಮಿನಿಮೈಸ್ ಆಗಿ ಪರದೆಯ ಕೆಳಗಿನ ಪಟ್ಟಿಗೆ ಇಳಿದು ಕೂತಿತು. ಒಪ್ಪಿಗೆ ಬರೆದು ಮರಳುವಾಗ ಮಾನಿಟರ್ ತನ್ನ ರೆಸಲ್ಯೂಶನ್ ಬದಲಿಸಿಕೊಳ್ಳುತ್ತಾ ಕಪ್ಪಾಯಿತು. ನಾಲ್ಕೈದು ಸೆಕೆಂಡು. ಚಿತ್ರ ಬಂದಾಗ ಆಟ ಶುರುವಾಗಿತ್ತು, ಆಟದೊಳಗೆ ಅವನು ಸತ್ತು ಬಿದ್ದಿದ್ದ; ಪಂದ್ಯ ಸೋತೆವು.

ವಾರ ಕಳೆದ ಮೇಲೆ ನಾನು ಅಳೆದೆ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಮೌಸ್ ಒತ್ತುವುದನ್ನೂ ಪರದೆಯಲ್ಲಿ ಗುಂಡು ಹಾರುವುದನ್ನೂ ಮತ್ತೆ ಮತ್ತೆ ಹಿಡಿದು ಫ್ರೇಮ್ ಎಣಿಸಿದೆ. ಪರದೆ ತುಂಬದ ಚಿಕ್ಕ ವಿಂಡೋದಲ್ಲಿ ಆಡಿದರೆ ತುಸು ತಡ ಇತ್ತು, ನಿಜ. ಎಕ್ಸ್‌ಕ್ಲೂಸಿವ್‌ಗೂ ಬಾರ್ಡರ್‌ಲೆಸ್‌ಗೂ ವ್ಯತ್ಯಾಸವೇ ಸಿಗಲಿಲ್ಲ. ಪರದೆ ತುಂಬಿದ ಹೊಸ ಆಟದ ಚಿತ್ರವನ್ನು ಈಗಿನ ವಿಂಡೋಸ್ ನೇರವಾಗಿಯೇ ಮಾನಿಟರ್‌ಗೆ ಕಳಿಸುತ್ತದಂತೆ. ನನ್ನ ವಾದ ಹಳೆಯ ಆಟಗಳದ್ದು.

ನಮ್ಮೂರು ಮಧುಗಿರಿಯಿಂದ ಬಸ್ಸು ಹತ್ತಿ ಶಿರಾದ ಅವರ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಅವನು ಗಿರಾಕಿಯೊಬ್ಬರ ಪಾದದ ಬಳಿ ಕುಕ್ಕರಗಾಲಲ್ಲಿ ಕೂತು ಚಪ್ಪಲಿಯ ಪಟ್ಟಿ ಸರಿಮಾಡುತ್ತಿದ್ದ. "ಹೋಗ್ಲಿ ಬುಡ್ಲಾ," ಎಂದ, ತಲೆ ಎತ್ತದೆ. ಬೈದಿದ್ದರೆ ಎದುರುತ್ತರ ಕೊಡುತ್ತಿದ್ದೆ. ಪಕ್ಕದ ಸ್ಟೂಲಿನ ಮೇಲೆ ಕೂತು ಕಾದೆ.

ಗಿರಾಕಿ ಹೋದ ಮೇಲೆ ಕೇಳಿದೆ: "ಆವತ್ತು ಸೆಟ್ಟಿಂಗ್ ಬದಲಾಯಿಸಿದ್ದು ನನ್ನ ಮಾತು ನಿಜ ಅನ್ನಿಸಿದ್ದಕ್ಕಾ, ಇಲ್ಲಾ ನನ್ ಜೊತೆ ಮಾತಾಡಿ ಸಾಕಾಗಿದ್ದಕ್ಕಾ?"