ಮೂರು ಪಟ್ಟು ಬಡ್ಡಿ

ಕೋಟದಲ್ಲಿ ನಾನು ರಟ್ಟಿನ ಪೆಟ್ಟಿಗೆ ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದೆ. ಎರಡು ಯಂತ್ರ, ಆರು ಜನ ಹೆಂಗಸರು. ಮೀನು ರಫ್ತಿನ ದೊಡ್ಡ ಕಂಪನಿಯೊಂದು ನನ್ನಿಂದ ಪೆಟ್ಟಿಗೆ ಕೊಂಡು ಮೂರು ಲಕ್ಷ ಬಾಕಿ ಇಟ್ಟಿತ್ತು. ವರ್ಷ ಕಳೆದರೂ ಬಿಡಿಗಾಸು ಬಿಚ್ಚಲಿಲ್ಲ. ಇತ್ತ ಬ್ಯಾಂಕಿನವರು, ಸಾಲದ ಬಾಕಿ ಕಟ್ಟದಿದ್ದರೆ ಯಂತ್ರ ಜಪ್ತಿ ಮಾಡುತ್ತೇವೆಂದು ನೋಟಿಸು ಕೊಟ್ಟರು. ಯಂತ್ರ ಹೋದರೆ ಏಳು ಮನೆಯ ಒಲೆ ಆರುತ್ತಿತ್ತು.

ಜಿಲ್ಲಾ ಕೈಗಾರಿಕಾ ಕೇಂದ್ರದ ಅಧಿಕಾರಿ ನನ್ನ ಕಾಗದಗಳನ್ನು ನೋಡಿ, "ಅಸಲು ಮಾತ್ರ ಯಾಕೆ ಕೇಳುತ್ತೀರಿ? ಬಡ್ಡಿಯೂ ನಿಮ್ಮ ಹಕ್ಕು" ಎಂದರು. ನಾನು ಪೆಟ್ಟಿಗೆ ಕಳಿಸುವ ಮೊದಲೇ ಅಲ್ಲಿ ಸಣ್ಣ ಉದ್ದಿಮೆಯೆಂದು ನೋಂದಣಿ ಮಾಡಿಸಿದ್ದೆ. ಸರಕು ಮುಟ್ಟಿದ ಹದಿನೈದು ದಿನದೊಳಗೆ ಕಂಪನಿ ಒಂದು ಸಾಲಿನ ತಕರಾರೂ ಬರೆದಿರಲಿಲ್ಲ. ತೊಂಬತ್ತು ದಿನ ಗಡುವೆಂದು ಆರ್ಡರಿನಲ್ಲಿತ್ತಲ್ಲ, ಎಂದೆ. ಕಂಪನಿ ಏನೇ ಬರೆದುಕೊಳ್ಳಲಿ, ಕಾನೂನು ನಲವತ್ತೈದು ದಿನಕ್ಕಿಂತ ಹೆಚ್ಚು ಕೊಡುವುದಿಲ್ಲವಂತೆ. ಅಲ್ಲಿಂದಾಚೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆಗ ದರ ಶೇಕಡಾ ಆರು. ಅಂದರೆ ವರ್ಷಕ್ಕೆ ಹದಿನೆಂಟು, ತಿಂಗಳಿಗೆ ಒಂದೂವರೆ. ಅದೂ ಚಕ್ರಬಡ್ಡಿ. ಮೊದಲ ತಿಂಗಳು ನಾಲ್ಕೂವರೆ ಸಾವಿರ. ಅದು ಅಸಲಿಗೆ ಸೇರಿ, ಎರಡನೆಯ ತಿಂಗಳು ಅರವತ್ತೇಳೂವರೆ ರೂಪಾಯಿ ಹೆಚ್ಚು. ಹದಿನಾಲ್ಕು ತಿಂಗಳಿಗೆ ಅರವತ್ತೊಂಬತ್ತೂವರೆ ಸಾವಿರ ಆಯಿತು. ಬಹಳ ದಿನಗಳ ಮೇಲೆ ಅಂದು ನಕ್ಕೆ.

ಸಣ್ಣ ಉದ್ದಿಮೆಗಳ ಬಾಕಿ ತಗಾದೆ ನೋಡುವ ಕೌನ್ಸಿಲಿಗೆ ಅರ್ಜಿ ಹೋದದ್ದೇ ತಡ, ಕಂಪನಿಯ ಖರೀದಿ ವಿಭಾಗದ ಮನುಷ್ಯ ಫೋನು ಮಾಡಿದ. ಬಾರ್ಕೂರಿನವನು, ನಮ್ಮವನೇ ಎಂದು ನಂಬಿದ್ದೆ.

"ಎಂತ ಅಕ್ಕ, ನೀವೂ ಬಡ್ಡಿ ಯಾಪಾರಕ್ಕೆ ಹೊರಟ್ರ್ಯಾ? ನಾಚ್ಕಿ ಆತಿಲ್ಯಾ?"

"ದುಡ್ಡ್ ಕೊಡ್ದೆ ಕೂತವ್ರಿಗೆ ಇಲ್ದಿದ್ ನಾಚ್ಕಿ ನಂಗೆಂತಕ್ಕೆ?" ಎಂದೆ. ಫೋನಿಟ್ಟೆ.

ಬೆಂಗಳೂರಿನ ಕೌನ್ಸಿಲ್ ನನ್ನನ್ನೂ ಕಂಪನಿಯನ್ನೂ ರಾಜಿಗೆ ಕರೆಯಿತು. ಕಂಪನಿಯ ವಕೀಲರು ಮೂರು ಲಕ್ಷದ ಡಿಡಿ ತಂದಿದ್ದರು. ಬಡ್ಡಿ ಬಿಟ್ಟರೆ ಇವತ್ತೇ ಇದು ನಿಮ್ಮದು, ಇಲ್ಲವಾದರೆ ಪಂಚಾಯ್ತಿಕೆ, ಆಮೇಲೆ ಕೋರ್ಟು, ಎಂದರು. ಕಾನೂನು ನಿಮ್ಮ ಕಡೆಗಿದೆ, ಬಿಡಬೇಕಾಗಿಲ್ಲ ಎಂದು ಕೌನ್ಸಿಲಿನವರೂ ಹೇಳಿದರು. ಆದರೆ ನೋಟಿಸಿನ ಗಡುವಿಗೆ ಉಳಿದದ್ದು ಒಂದೇ ವಾರ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ? ಬಡ್ಡಿ ಬಿಟ್ಟೆನೆಂದು ಬರೆದು ಸಹಿ ಹಾಕಿದೆ.

ಮರುದಿನ ಡಿಡಿಯನ್ನು ಹಾಗೇ ಬ್ಯಾಂಕಿಗೆ ಕಟ್ಟಿದೆ. ಅವರು ಮೊದಲು ತಮ್ಮ ಬಡ್ಡಿ, ದಂಡದ ಬಡ್ಡಿ ಮುರಿದುಕೊಂಡರು, ಮಿಕ್ಕದ್ದು ಅಸಲಿಗೆ. ಬಾಕಿ ತೀರಲು ಇನ್ನೂ ಅರವತ್ತು ಸಾವಿರ ಕಡಿಮೆ ಬಿತ್ತು. ಮ್ಯಾನೇಜರ್ ಎದುರು ಕೈಮುಗಿದೆ.

"ಅಷ್ಟ್ ಬಡ್ಡಿ ಬಿಟ್ ಬಿಡಿ ಮಾರ್ರೆ. ನಾನೂ ಬಿಟ್ ಬಂದೆ."

ಅವರು ಒಳ್ಳೆಯವರೇ. ತಲೆ ತಗ್ಗಿಸಿ ಹೇಳಿದರು: "ಬಡ್ಡಿ ಬಿಡುಕೆ ನಂಗೆ ಅಧಿಕಾರ ಇಲ್ಲೆ, ಅಕ್ಕ."